ಮಹಾಂತೇಶನ ಚಟುವಟಿಕೆ ಅಂಕಗಳ ಬಗ್ಗೆ ಒಂದು ಪತ್ರ

ತಿಕೋಟಾ
8 ಜನವರಿ 2026

ಮಾನ್ಯ ಶಿವಪ್ಪ ಅವರಿಗೆ, ಶರಣು.

ಮಹಾಂತೇಶನ ಎಫ್‌ಎ-3 ಅಂಕಪಟ್ಟಿಗೆ ಸಹಿ ಮಾಡಿ, ಕೆಳಗೆ ನೀವು ಬರೆದಿದ್ದ ಪ್ರಶ್ನೆ ಓದಿದೆ. 'ಪರೀಕ್ಷೆಯಲ್ಲಿ 20ಕ್ಕೆ 14 ಬಂದಿದೆ, ಚಟುವಟಿಕೆಯಲ್ಲಿ ಯಾಕೆ ಇಷ್ಟು ಕಡಿಮೆ?' ಅಂತ ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ಅಂಕಪಟ್ಟಿಯಲ್ಲಿ ಬರೀ ಸಂಖ್ಯೆ ಇರುತ್ತದೆ, ಕಾರಣ ಇರುವುದಿಲ್ಲ. ಅದಕ್ಕೇ ಈ ಪತ್ರ.

ವಿಜ್ಞಾನದಲ್ಲಿ ಒಂದು ಎಫ್‌ಎಗೆ 50 ಅಂಕ. ತಲಾ 15 ಅಂಕದ ಎರಡು ಚಟುವಟಿಕೆ, 20 ಅಂಕದ ಬರವಣಿಗೆ ಪರೀಕ್ಷೆ. ಮಹಾಂತೇಶನಿಗೆ ಮೊದಲ ಚಟುವಟಿಕೆಯಲ್ಲಿ 8, ಎರಡನೆಯದರಲ್ಲಿ 6 ಬಂದಿದೆ. ಒಟ್ಟು 28. ಚಟುವಟಿಕೆಗೆ ನಾವು ಅಂದಾಜಿನಲ್ಲಿ ಅಂಕ ಹಾಕುವುದಿಲ್ಲ. ಐದು ವಿಷಯ ನೋಡುತ್ತೇವೆ, ಒಂದೊಂದಕ್ಕೆ 3 ಅಂಕ. ಇದಕ್ಕೆ ರೂಬ್ರಿಕ್ ಅನ್ನುತ್ತೇವೆ. ಯಾವುದಕ್ಕೆ 1, ಯಾವುದಕ್ಕೆ 3 ಅನ್ನುವುದನ್ನು ಮಕ್ಕಳಿಗೆ ಮೊದಲೇ ಹೇಳಿರುತ್ತೇವೆ.

ಮೊದಲ ಚಟುವಟಿಕೆ ಏನೆಂದರೆ, ಒಂದು ಕಲ್ಲನ್ನು ಸ್ಪ್ರಿಂಗ್ ತಕ್ಕಡಿಗೆ ತೂಗು ಹಾಕಿ ತೂಕ ನೋಡುವುದು. ಆಮೇಲೆ ಅದನ್ನು ಮೆಲ್ಲಗೆ ನೀರಿಗೆ ಇಳಿಸುತ್ತ, ತಕ್ಕಡಿಯ ಅಳತೆ ಹೇಗೆ ಬದಲಾಗುತ್ತದೆ ಅಂತ ಬರೆದುಕೊಳ್ಳುವುದು. ಸಾಮಗ್ರಿ ಜೋಡಿಸುವುದರಲ್ಲಿ ಮಹಾಂತೇಶನಿಗೆ 3ಕ್ಕೆ 3. ಇಡೀ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕಲ್ಲು ಕಟ್ಟಿ ನಿಲ್ಲಿಸಿದವನು ಅವನೇ, ಗಂಟೂ ಜಾರಲಿಲ್ಲ. ಗುಂಪಿನ ಕೆಲಸಕ್ಕೆ 2. ಅಳತೆ ಬರೆದುಕೊಳ್ಳುವುದಕ್ಕೆ 1, ಕಾರಣ ವಿವರಿಸುವುದಕ್ಕೆ 1, ವರದಿ ಸರಿಯಾಗಿ ಬರೆದು ಹೊತ್ತಿಗೆ ಕೊಡುವುದಕ್ಕೆ 1.

ಈ ಮೂರು ಒಂದುಗಳ ಬಗ್ಗೆಯೇ ನಾನು ಮಾತಾಡಬೇಕಿರುವುದು. ಅವನ ಗುಂಪಿನ ತಕ್ಕಡಿ ಗಾಳಿಯಲ್ಲಿ 250 ಗ್ರಾಂ ತೋರಿಸಿತ್ತು. ಕಲ್ಲು ಪೂರ್ತಿ ಮುಳುಗಿದಾಗ 155 ಗ್ರಾಂ. ಇವನ ಹಾಳೆಯಲ್ಲಿ ಈ ಎರಡೂ ಸಂಖ್ಯೆ ಇಲ್ಲ. 'ಕಲ್ಲು ನೀರಿನಲ್ಲಿ ಹಗುರ ಆಯಿತು' ಅಂತ ಒಂದೇ ಸಾಲು. ಯಾಕೆ ಅನ್ನುವ ಜಾಗದಲ್ಲಿ 'ನೀರು ಇರುವುದರಿಂದ' ಅಂತ ಬರೆದು, ಅದನ್ನೂ ಅಳಿಸಿದ್ದಾನೆ. ಎಷ್ಟು ಹಗುರ ಆಯಿತು, ಅರ್ಧ ಮುಳುಗಿದಾಗ ಎಷ್ಟು, ಪೂರ್ತಿ ಮುಳುಗಿದ ಮೇಲೆ ಇನ್ನೂ ಕೆಳಗೆ ಇಳಿಸಿದರೆ ಏನಾಯಿತು, ಇವು ಇದ್ದಿದ್ದರೆ ಅಂಕ ತಾನಾಗಿಯೇ ಬರುತ್ತಿತ್ತು.

ಆದರೆ ಅವನಿಗೆ ವಿಷಯ ಗೊತ್ತಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಿಮಾತಿನಲ್ಲಿ ಕೇಳಿದೆ. 'ಬಾವ್ಯಾಗ ಕೊಡ ನೀರಾಗ ಇರೂತನಕ ಹಗುರ ಇರ್ತೈತ್ರಿ, ನೀರ ಬಿಟ್ಟು ಮ್ಯಾಲ ಬಂತಂದ್ರ ಕೈ ಜಗ್ತೈತಿ. ನೀರು ಕೆಳಗಿಂದ ಎತ್ತಿ ಹಿಡಿತೈತ್ರಿ' ಅಂದ. ಆರ್ಕಿಮಿಡೀಸ್ ತತ್ವಕ್ಕೆ ಬೇಕಾದ ಮೊದಲ ತಿಳಿವಳಿಕೆ ಇದರಲ್ಲೇ ಇದೆ. ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವ ಬಲ, ವಸ್ತು ಸರಿಸಿದ ನೀರಿನ ತೂಕದಷ್ಟೇ ಇರುತ್ತದೆ. ಎರಡನೇ ಮಾತು ಸಂಖ್ಯೆ ಬರೆದಿಟ್ಟವರಿಗೆ ಮಾತ್ರ ಕಾಣುತ್ತದೆ. ಬಾವಿಯ ಮಾತನ್ನು ಯಾಕೆ ಬರೆಯಲಿಲ್ಲ ಅಂದರೆ, 'ಅದು ಪುಸ್ತಕದಾಗ ಇಲ್ರಿ, ತಪ್ಪಾದ್ರ?' ಅಂದ. ಅಂದರೆ ಅವನಿಗೆ ತಡೆಯಾಗಿರುವುದು ತಪ್ಪಾದೀತೆಂಬ ಹೆದರಿಕೆ. ಪರೀಕ್ಷೆಯಲ್ಲಿ ಓದಿಕೊಂಡಿದ್ದನ್ನು ಬರೆಯುತ್ತಾನೆ, ಹಾಗಾಗಿ 14. ಕಣ್ಣಾರೆ ಕಂಡದ್ದನ್ನು ಬರೆ ಅಂದರೆ ಪೆನ್ನು ನಿಲ್ಲುತ್ತದೆ.

ಎರಡನೇ ಚಟುವಟಿಕೆಯ ಕಥೆ ಬೇರೆ. ಆ ವಾರ ನಿಮ್ಮ ತೋಟದಲ್ಲಿ ದ್ರಾಕ್ಷಿ ಗೊಂಚಲಿಗೆ ಜಿಎ ಡಿಪ್ಪಿಂಗ್ ನಡೆದಿತ್ತು, ಆಳು ಸಿಗಲಿಲ್ಲ ಅಂತ ಅವನು ಶಾಲೆಗೆ ಬಂದಿರಲಿಲ್ಲ. ಉಳಿದವರ ಹಾಳೆ ನೋಡಿ ಬರೆದು ಕೊಟ್ಟ. ಮಾಡದೇ ಇದ್ದ ಕೆಲಸಕ್ಕೆ ಅಂಕ ಕೊಡಲು ಬರುವುದಿಲ್ಲ. ಡಿಪ್ಪಿಂಗ್ ಒಂದು ದಿನ ತಡವಾದರೂ ನಷ್ಟ ಅನ್ನುವುದು ನನಗೆ ಗೊತ್ತು, ತಿಕೋಟಾದಲ್ಲಿ ಪಾಠ ಮಾಡುವವರಿಗೆ ಅದು ಗೊತ್ತಿರಲೇಬೇಕು. ಆದರೂ ಕೇಳಿಕೊಳ್ಳುತ್ತೇನೆ: ಮಂಗಳವಾರ ಮತ್ತು ಶುಕ್ರವಾರ ನಮ್ಮ ಪ್ರಯೋಗದ ದಿನ. ಆ ಎರಡು ದಿನ ಮಾತ್ರ ಅವನನ್ನು ಯಾವ ಕೆಲಸಕ್ಕೂ ನಿಲ್ಲಿಸಿಕೊಳ್ಳಬೇಡಿ.

ಎಫ್‌ಎ-4 ಚಟುವಟಿಕೆ ಫೆಬ್ರವರಿ ಮೂರನೇ ವಾರ ಇದೆ. ಅಲ್ಲಿಯ ತನಕ ನಾನು ಸೋಮವಾರ ಮತ್ತು ಗುರುವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವನ ಜೊತೆ ಕೂರುತ್ತೇನೆ. ಕಲ್ಲಿನ ಪ್ರಯೋಗವನ್ನೇ ಮತ್ತೆ ಮಾಡಿಸುತ್ತೇನೆ. ಮೊದಲ ಎರಡು ವಾರ ಅವನು ಮನೆಯಲ್ಲಿ ಮಾತಾಡುವ ಹಾಗೆಯೇ ಬರೆಯಲಿ, ಭಾಷೆ ತಿದ್ದುವುದಿಲ್ಲ. ಒಂದೇ ನಿಯಮ: ಅಳತೆ ಕಣ್ಣಿಗೆ ಬಿದ್ದ ಕೂಡಲೇ ಕೋಷ್ಟಕದಲ್ಲಿ ಬರೆಯಬೇಕು, ಅಳಿಸಬಾರದು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಮೂರನೇ ವಾರದಿಂದ ಅದೇ ಮಾತನ್ನು ಪುಸ್ತಕದ ಪದಗಳಲ್ಲಿ ಬರೆಯುವುದನ್ನು ಕಲಿಸುತ್ತೇನೆ.

ಮನೆಯಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು, ಅದಕ್ಕೆ ನಿಮಗಿಂತ ಒಳ್ಳೆಯ ಗುರು ಸಿಗುವುದಿಲ್ಲ. ಫೆಬ್ರವರಿ ಮೊದಲ ವಾರ ಹಣ್ಣು ಸಿಹಿ ಆಗಿದ್ದರೆ ಎರಡು ಕೆ.ಜಿ. ದ್ರಾಕ್ಷಿ ಅವನಿಗೆ ಬಿಟ್ಟುಕೊಡಿ. ಒಂದು ಕೆ.ಜಿ.ಯನ್ನು ನೀವು ಒಣದ್ರಾಕ್ಷಿಗೆ ಮಾಡುವ ಹಾಗೆ ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ನೀರಿನಲ್ಲಿ ಅದ್ದಿ. ಈ ಕೆಲಸ ನೀವೇ ಮಾಡಿ, ಅವನ ಕೈಗೆ ಕೊಡಬೇಡಿ. ಇನ್ನೊಂದು ಕೆ.ಜಿ.ಯನ್ನು ಸುಮ್ನೆ ಹಾಗೆಯೇ ಇಡಿ. ಎರಡನ್ನೂ ಶೆಡ್ಡಿನಲ್ಲಿ ಪಕ್ಕಪಕ್ಕ ಒಂದೇ ಜಾಲರಿ ಮೇಲೆ ಹರವಲಿ. ದಿನಾ ಸಂಜೆ ಒಂದೇ ಹೊತ್ತಿಗೆ ಎರಡನ್ನೂ ತೂಗಿ ಬರೆಯಬೇಕು. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರವನ್ನು ಆ ದ್ರಾವಣ ಸಡಿಲ ಮಾಡುತ್ತದೆ. ಅದಕ್ಕೇ ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ. ಇದನ್ನು ಅವನಿಗೆ ಮೊದಲೇ ಹೇಳಬೇಡಿ, ತೂಕದ ಸಂಖ್ಯೆ ನೋಡಿ ಅವನೇ ಕೇಳಲಿ. ಸುಮಾರು ನಾಲ್ಕು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಒಣದ್ರಾಕ್ಷಿ ಬರುತ್ತದಲ್ವಾ? ಅದ್ದಿದ ರಾಶಿ ಆ ಹಂತಕ್ಕೆ ಬಂದ ದಿನ, ಅದ್ದದೇ ಇಟ್ಟಿದ್ದು ಎಷ್ಟು ತೂಗುತ್ತದೆ ಅಂತ ಅವನು ನೋಡಬೇಕು. ಆವಿಯಾಗುವಿಕೆ ಪಾಠ ಅವನಿಗೆ ಅಲ್ಲೇ ಸಿಗುತ್ತದೆ, ಮತ್ತು ಆ ಕೋಷ್ಟಕವನ್ನು ತರಗತಿಯಲ್ಲಿ ಮಂಡಿಸಲು ಅವನಿಗೇ ಅವಕಾಶ ಕೊಡುತ್ತೇನೆ.

ಎಫ್‌ಎ-4ರಲ್ಲಿ 15ಕ್ಕೆ 15 ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಅಳತೆ ಬರೆಯುವುದು 1ರಿಂದ 3ಕ್ಕೆ ಏರಬಹುದು, ಅದು ರೂಢಿಯಿಂದ ಬರುವ ಕೆಲಸ. ಕಾರಣ ವಿವರಿಸುವುದು ಮತ್ತು ವರದಿ 2ಕ್ಕೆ ಬಂದರೆ ನನಗೆ ಸಂತೋಷ. ಹಾಗಾದರೆ ಒಟ್ಟು 12 ಆಗುತ್ತದೆ. ಈಗಲೇ ಇದನ್ನು ಹಿಡಿಯಬೇಕು ಅನ್ನಲು ಕಾರಣವಿದೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 20 ಆಂತರಿಕ ಅಂಕ ಇರುತ್ತದೆ. ಅದು ಇಂಥ ಎಫ್‌ಎಗಳಿಂದಲೇ ಬರುವುದು.

ಇನ್ನೊಂದು ಮಾತು. ಈ ಅಂಕಕ್ಕಾಗಿ ಅವನನ್ನು ಬೈಯಬೇಡಿ, ಮನೆಗೆ ಬಂದವರ ಮುಂದೆ ಎತ್ತಿ ಆಡಬೇಡಿ. ತಪ್ಪಾದೀತೆಂದು ಹೆದರುವ ಹುಡುಗನಿಗೆ ಬೈಗುಳ ಬಿದ್ದರೆ ಹಾಳೆ ಇನ್ನೂ ಖಾಲಿ ಉಳಿಯುತ್ತದೆ. ಅವನ ತಾಯಿಯವರಿಗೂ ಈ ಪತ್ರ ಓದಿ ಹೇಳಿ.

ಸಂಕ್ರಮಣ, ಸಿದ್ಧೇಶ್ವರ ಜಾತ್ರೆ ಎಲ್ಲ ಮುಗಿದ ಮೇಲೆ, ಜನವರಿ 24ರ ಶನಿವಾರ ಬೆಳಿಗ್ಗೆ ಶಾಲೆಗೆ ಇಬ್ಬರೂ ಬನ್ನಿ. ಮಹಾಂತೇಶನೂ ಜೊತೆಗೇ ಕೂರಲಿ. ಅವನ ಹಾಳೆ, ಒಳ್ಳೆಯ ಅಂಕ ಬಂದ ಇನ್ನೊಂದು ಹಾಳೆ ಎರಡನ್ನೂ ಹೆಸರು ಮುಚ್ಚಿ ತೋರಿಸುತ್ತೇನೆ. ಆ ದಿನ ತೋಟದಲ್ಲಿ ಕೆಲಸ ಬಿದ್ದರೆ ಅವನ ಕೈಯಲ್ಲಿ ಚೀಟಿ ಕಳಿಸಿ, ಸಂಜೆ ನಾನೇ ನಿಮ್ಮ ತೋಟದ ಕಡೆ ಬರುತ್ತೇನೆ.

ಇಂತಿ,
ವಿಜ್ಞಾನ ಶಿಕ್ಷಕಿ, 9ನೇ ತರಗತಿ
ಸರ್ಕಾರಿ ಪ್ರೌಢಶಾಲೆ