ಅಪ್ಪಯ್ಯನ ಮಾತ್ರೆಗಳ ಫೋಟೋ ಕಳಿಸಿದ್ದೇನೆ, ಒಮ್ಮೆ ನೋಡಿ ಹೇಳಿ

ಡಬ್ಲಿನ್
12 ಜೂನ್ 2025, ಗುರುವಾರ

ಗಣಪತಿಯಣ್ಣನಿಗೆ ವಿದ್ಯಾ ಮಾಡುವ ನಮಸ್ಕಾರಗಳು.

ನಾನು ಜೋಗ ರಸ್ತೆಯ ಶ್ರೀಧರ ಮೇಷ್ಟ್ರ ಮಗಳು. ಅಪ್ಪಯ್ಯನಿಗೆ ಬಿಪಿ, ಶುಗರ್ ಶುರುವಾದಾಗಿನಿಂದ ಮಾತ್ರೆ ಬರುತ್ತಿರುವುದು ನಿಮ್ಮ ಅಂಗಡಿಯಿಂದಲೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕಳೆದ ತಿಂಗಳು ಅಪ್ಪಯ್ಯನಿಗೆ ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿಸಿದ್ದು ನಿಮಗೂ ಗೊತ್ತು. ಡಿಸ್ಚಾರ್ಜ್ ಆಗುವಾಗ ಅಲ್ಲೇ ಕೆಳಗಿನ ಮೆಡಿಕಲ್ಸಿನಿಂದ ಒಂದು ಚೀಲ ಮಾತ್ರೆ ತಂದಿದ್ದಾರೆ. ನಿಮ್ಮಲ್ಲಿಂದ ತಂದ ಹಳೆಯವೂ ಮನೆಯಲ್ಲಿದ್ದವು. ಅಮ್ಮ ಎರಡನ್ನೂ ಒಂದೇ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಎರಡರಿಂದಲೂ ಕೊಡುತ್ತಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ನಿನ್ನೆ ವಿಡಿಯೋ ಕಾಲ್ ಮಾಡಿದಾಗ.

ಪಕ್ಕದ ಮನೆ ಹುಡುಗನ ಹತ್ತಿರ ಪ್ರತಿ ಸ್ಟ್ರಿಪ್ಪಿನ ಎರಡೂ ಬದಿಯ ಫೋಟೋ ತೆಗೆಸಿದ್ದೇನೆ. ಡಿಸ್ಚಾರ್ಜ್ ಚೀಟಿಯ ಫೋಟೋವೂ ಇದೆ. ಎಲ್ಲವನ್ನೂ ನಂಬರ್ ಹಾಕಿ ನಿಮ್ಮ ವಾಟ್ಸಾಪ್‌ಗೆ ಕಳಿಸಿದ್ದೇನೆ. ಹೀಗೆ ನಿಮ್ಮನ್ನು ಕೇಳಲು ಅಪ್ಪಯ್ಯನ ಒಪ್ಪಿಗೆಯೂ ಇದೆ.

ಎಲ್ಲಕ್ಕಿಂತ ಮೊದಲು 2 ಮತ್ತು 5ನೇ ಫೋಟೋ ನೋಡಿ. ಕಂಪನಿ ಬೇರೆ, ಹೆಸರು ಬೇರೆ, ಬಣ್ಣವೂ ಬೇರೆ. ಆದರೆ ಹಿಂದೆ ಸಣ್ಣ ಅಕ್ಷರದಲ್ಲಿ ಒಂದರ ಮೇಲೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಅಂತಿದೆ, ಇನ್ನೊಂದರ ಮೇಲೆ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ಅಂತಿದೆ. ಅಂದರೆ ಬಿಪಿಯ ಒಂದೇ ಔಷಧಿ ದಿನಕ್ಕೆರಡು ಸಲ ಹೊಟ್ಟೆಗೆ ಹೋಗುತ್ತಿದೆಯಾ? ಈ ವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತರೆ ತಲೆ ಸುತ್ತುತ್ತದೆ ಅಂತ ಅಪ್ಪಯ್ಯ ಹೇಳುತ್ತಿದ್ದಾರೆ. ಮನೆಯ ಮೆಷಿನ್ನಿನಲ್ಲಿ ನಿನ್ನೆ 100/60 ತೋರಿಸಿದೆ.

6ನೇ ಫೋಟೋದ್ದು ನನಗೆ ಓದಲಿಕ್ಕೇ ಆಗಲಿಲ್ಲ. ಸ್ಟ್ರಿಪ್ಪನ್ನು ಕತ್ತರಿಸಿದ್ದಾರೆ, ಎರಡೇ ಮಾತ್ರೆ ಉಳಿದಿವೆ, ಹೆಸರೂ ಎಕ್ಸ್‌ಪೈರಿ ತಾರೀಖೂ ಕತ್ತರಿಸಿದ ತುಂಡಿನ ಜೊತೆ ಹೋಗಿವೆ. ಕೊನೆಯಲ್ಲಿ ‘ರೈಡ್ 1’ ಅಂತ ಮಾತ್ರ ಕಾಣುತ್ತದೆ. ಗ್ಲಿಮೆಪಿರೈಡ್ ಇರಬಹುದು ಅಂತ ನನ್ನ ಊಹೆ. ಮಾತ್ರೆಯ ವಿಷಯದಲ್ಲಿ ನನ್ನ ಊಹೆ ನಡೆಯಬಾರದು, ನೀವು ಬಿಲ್ ನೋಡಿ ಹೇಳಿ. ಅದೇ ಆಗಿದ್ದರೆ 4ನೇ ಫೋಟೋದ ಶುಗರ್ ಮಾತ್ರೆಯಲ್ಲೂ ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ಜೊತೆ ಸೇರಿಕೊಂಡೇ ಇದೆ. ನಾಡಿದ್ದು ಶನಿವಾರ ಸಂಕಷ್ಟಿ. ಬೆಳಿಗ್ಗೆ ಮಾತ್ರೆ ನುಂಗಿ ಚಂದ್ರೋದಯದವರೆಗೆ ಉಪವಾಸ ಕೂತರೆ ಶುಗರ್ ಎಲ್ಲಿಗೆ ಇಳಿಯುತ್ತದೋ ಅಂತ ಭಯವಾಗುತ್ತದೆ. ಈ ಸಲ ಉಪವಾಸ ಬೇಡ ಅಂತ ನಾನು ಹೇಳಿದ್ದಾಯಿತು, ನೀವೂ ಒಂದು ಮಾತು ಹೇಳಿ. ನಿಮ್ಮ ಮಾತಿಗೆ ಅವರಲ್ಲಿ ಹೆಚ್ಚು ಬೆಲೆ ಇದೆ. ಆ 4ನೇ ಮಾತ್ರೆ ದೊಡ್ಡದು, ಗಂಟಲಲ್ಲಿ ಇಳಿಯುವುದಿಲ್ಲ ಅಂತ ಅಮ್ಮ ಮುರಿದು ಕೊಡುತ್ತಾಳಂತೆ. ಎಸ್.ಆರ್. ಅಂತ ಬರೆದಿದೆ, ಅದನ್ನು ಮುರಿಯಬಾರದು ತಾನೆ?

1ನೇ ಫೋಟೋದ ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75 ಎರಡೂ ಇವೆ. ಹಳೇ ಡಬ್ಬಿಯ ಆಸ್ಪಿರಿನ್ 75 (3ನೇ ಫೋಟೋ) ಬೇರೆಯಾಗಿ ನಡೆದಿದೆ. ಯಾವುದನ್ನು ತೆಗೆದಿಡು ಅಂತ ನಾನು ಇನ್ನೂ ಅಮ್ಮನಿಗೆ ಹೇಳಿಲ್ಲ. ಕಾರಣ ಇಷ್ಟೇ: ಸ್ಟೆಂಟ್ ಹಾಕಿದ ಮೇಲೆ ಈ ಕ್ಯಾಪ್ಸೂಲನ್ನು ಒಂದು ದಿನವೂ ತಪ್ಪಿಸಬಾರದು ಅಂತ ಡಾಕ್ಟರ್ ಒತ್ತಿ ಹೇಳಿದ್ದಾರೆ. ಎರಡೆರಡಾಗಿದೆ ಅಂತ ಫೋನಿನಲ್ಲಿ ಹೇಳಿ, ಅಮ್ಮ ಗಾಬರಿಯಲ್ಲಿ ಇದನ್ನೇ ಬಿಡಿಸಿಬಿಟ್ಟರೆ ಅನಾಹುತ. 7ನೆಯದು ಅಟೋರ್ವಾಸ್ಟಾಟಿನ್, ಚೀಟಿಯಲ್ಲಿರುವ ಪ್ರಕಾರವೇ ಇದೆ, ಅದರ ಬಗ್ಗೆ ಸಂಶಯವಿಲ್ಲ.

ಡೋಸ್ ನೀವೇ ಬದಲಿಸಿ ಅಂತ ಕೇಳುತ್ತಿಲ್ಲ. ಯಾವ ಯಾವ ಮಾತ್ರೆ ಒಂದೇ ಔಷಧಿ, ಯಾವುದು ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲ ಅಂತ ಖಚಿತ ಮಾಡಿ ಕೊಡಿ. ಶಿವಮೊಗ್ಗದ ಡಾಕ್ಟರ ಹತ್ತಿರ ನಾಳೆ ಬೆಳಿಗ್ಗೆ ಫೋನಿನಲ್ಲಿ ಮಾತಾಡಲು ಹೇಳಿಟ್ಟಿದ್ದೇನೆ, ನಿಮ್ಮ ಉತ್ತರ ಎದುರಿಗಿದ್ದರೆ ಸರಿಯಾಗಿ ಕೇಳಬಹುದು. ಫೋಟೋ ಮಸುಕಾಗಿದ್ದರೆ ಅಂದಾಜಿನ ಮೇಲೆ ಹೇಳಬೇಡಿ, ಹುಡುಗನ ಕೈಯಲ್ಲಿ ಡಬ್ಬಿಯನ್ನೇ ಅಂಗಡಿಗೆ ಕಳಿಸುತ್ತೇನೆ. ಡಾಕ್ಟರ್ ಹೇಳಿದ ಮೇಲೆ ಪ್ರತಿ ಮಾತ್ರೆಯನ್ನೂ ಬೇರೆ ಬೇರೆ ಕವರಿಗೆ ಹಾಕಿ, ‘ಬೆಳಿಗ್ಗೆ ತಿಂಡಿಗೆ ಮೊದಲು’, ‘ರಾತ್ರಿ ಊಟದ ಮೇಲೆ’ ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರೆ ದೊಡ್ಡ ಉಪಕಾರ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಬಣ್ಣ ನೋಡಿ ಗುರುತಿಸುತ್ತಾಳೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದಲ್ಲ.

ಇನ್ನೊಂದು ವಿಷಯ. ಮಂಡಿನೋವು ಅಂತ ಅಪ್ಪಯ್ಯ ನಿಮ್ಮಲ್ಲಿ ನೋವಿನ ಮಾತ್ರೆ ಕೇಳಿದರೆ ದಯವಿಟ್ಟು ಡಾಕ್ಟರ ಚೀಟಿ ಇಲ್ಲದೆ ಕೊಡಬೇಡಿ. ಆಸ್ಪಿರಿನ್, ಬಿಪಿ ಮಾತ್ರೆಗಳ ಜೊತೆ ಅದು ಹೊಟ್ಟೆಗೂ ಕಿಡ್ನಿಗೂ ಒಳ್ಳೆಯದಲ್ಲ ಅಂತ ಡಿಸ್ಚಾರ್ಜ್ ದಿನವೇ ಹೇಳಿದ್ದಾರೆ.

ಇವತ್ತು ರಾತ್ರಿ ಅಂಗಡಿ ಮುಚ್ಚುವ ಮೊದಲು ಒಂದು ವಾಯ್ಸ್ ಮೆಸೇಜ್ ಹಾಕಿದರೂ ಸಾಕು. ನಿಮಗೆ ರಾತ್ರಿ ಎಂಟು ಅಂದರೆ ನನಗೆ ಮಧ್ಯಾಹ್ನ ಮೂರೂವರೆ, ಫೋನ್ ಕೈಯಲ್ಲೇ ಇರುತ್ತದೆ. ಬಾಕಿ ಎಷ್ಟಿದೆ ಅಂತಲೂ ತಿಳಿಸಿ, ಕೂಡಲೇ ಹಾಕುತ್ತೇನೆ.

ಇಂತಿ,
ವಿದ್ಯಾ