ಪಾಳಿಯಲ್ಲಿ ನೀನು ಎಷ್ಟನೆಯವನು?

(ಒಂದು ಮತ್ತು ಎರಡನೇ ತರಗತಿ, ದಾವಣಗೆರೆ. ಟೀಚರ್ ಗಟ್ಟಿಯಾಗಿ ಓದುತ್ತಾ ಆಡಿಸುವ ಪಾಠ. ಹತ್ತು ಮಕ್ಕಳು, ಹತ್ತು ಚಿತ್ರದ ಕಾರ್ಡು, ನೆಲದ ಮೇಲೆ ಸೀಮೆಸುಣ್ಣದ ಒಂದು ಉದ್ದ ಗೆರೆ.)

ಮಕ್ಕಳೇ, ತಟ್ಟೆ ಅಲ್ಲೇ ಇಡಿ. ಊಟಕ್ಕೆ ಇನ್ನೂ ಹೊತ್ತಿದೆ. ಈಗ ಸುಮ್ನೆ ಪಾಳಿ ಆಟ. ಗೆರೆ ಮೇಲೆ ನಿಲ್ಲಿ, ಎಲ್ಲರ ಮುಖ ಅಡುಗೆಮನೆ ಬಾಗಿಲ ಕಡೆ. ತಳ್ಳಬೇಡಿ.

ಬಾಗಿಲ ಹತ್ತಿರ ಯಾರಿದ್ದಾರೆ? ಕೊಟ್ರೇಶ. ಅವನು ಮೊದಲನೆಯವನು. ಅವನ ಕಾರ್ಡಿನಲ್ಲಿ ಬೆಣ್ಣೆ ದೋಸೆ. ಕಚ್ಚಬೇಡ ಕಣೋ, ಅದು ಕಾಗದ! ಅವನ ಹಿಂದೆ ಸಿಂಚನ, ಎರಡನೆಯವಳು. ಅವಳದು ಮಂಡಕ್ಕಿ. ಮಂಡಕ್ಕಿ ಬಂದ ಮೇಲೆ ಮಿರ್ಚಿ ಬರದಿದ್ದರೆ ಹೇಗೆ? ಮಿರ್ಚಿ ಹಿಡಿದ ಇಮ್ರಾನ್ ಮೂರನೆಯವನು. ರೈಲು ಹಿಡಿದ ಗಂಗಾ ನಾಲ್ಕನೆಯವಳು. ಕೋಟೆ ಹಿಡಿದ ತಿಪ್ಪೇಶ ಐದನೆಯವನು.

ಆರನೆಯವಳು ನಾಗವೇಣಿ. ಅವಳ ಕೈಯಲ್ಲಿ ಒನಕೆ. ಒನಕೆ ಅಂದ ಕೂಡಲೇ ಯಾರು ನೆನಪಾಗ್ತಾರೆ? ಹೌದು, ಚಿತ್ರದುರ್ಗದ ಓಬವ್ವ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರಿ ಬಂದದ್ದೂ ಒಬ್ಬರ ಹಿಂದೆ ಒಬ್ಬರು, ನಿಮ್ಮ ಹಾಗೇ. ಆ ಪಾಳಿಯಲ್ಲಿ ಮೊದಲನೆಯವನಾಗಲು ಯಾರಿಗೆ ಬೇಕು, ಅಲ್ವಾ?

ಏಳನೆಯವಳು ಸಲ್ಮಾ, ಮೆಕ್ಕೆಜೋಳದ ತೆನೆ. ಎಂಟನೆಯವನು ಬಸವರಾಜ, ಎಮ್ಮೆ. ಒಂಬತ್ತನೆಯವನು ಹನುಮಂತ, ಹತ್ತಿ. ಹತ್ತನೆಯವಳು ಪವಿತ್ರಾ, ಕೆರೆ. ಅವಳ ಹಿಂದೆ ಯಾರೂ ಇಲ್ಲ. ಹಾಗಾಗಿ ಅವಳು ಕೊನೆಯವಳೂ ಹೌದು.

ಈಗ ಎಲ್ಲರೂ ನನ್ನ ಜೊತೆ ಹೇಳಿ, ಒಂದೊಂದಕ್ಕೂ ಒಂದು ಚಪ್ಪಾಳೆ: ಮೊದಲನೇ, ಎರಡನೇ, ಮೂರನೇ, ನಾಲ್ಕನೇ, ಐದನೇ, ಆರನೇ, ಏಳನೇ, ಎಂಟನೇ, ಒಂಬತ್ತನೇ, ಹತ್ತನೇ.

ಒಂದನೇ ಅಂತ ಯಾಕೆ ಹೇಳಲಿಲ್ಲ ಅಂತ ಕೇಳ್ತೀರಾ? ಹೇಳಬಹುದು. ಒಂದನೇ ಕ್ಲಾಸು ಅಂತೀವಿ. ಆದರೆ ಪಾಳಿಯಲ್ಲಿ ಮುಂದೆ ನಿಂತವರನ್ನು ಮೊದಲನೆಯವರು ಅನ್ನೋದೇ ಜಾಸ್ತಿ. ಉಳಿದದ್ದೆಲ್ಲಾ ಸುಲಭ. ಎರಡು, ಎರಡನೇ. ಮೂರು, ಮೂರನೇ. ಬಾಲ ಒಂದೇ.

ಹುಡುಗನಾದರೆ ಮೂರನೆಯವನು. ಹುಡುಗಿಯಾದರೆ ನಾಲ್ಕನೆಯವಳು. ಕಾರ್ಡಿಗೆ? ಕಾರ್ಡು ಅವನೂ ಅಲ್ಲ, ಅವಳೂ ಅಲ್ಲ. ಅದಕ್ಕೆ ಐದನೆಯದು. ಎಮ್ಮೆ ಎಷ್ಟನೆಯದು? ಎಂಟನೆಯದು. ಬಸವರಾಜ ಎಷ್ಟನೆಯವನು? ಎಂಟನೆಯವನು. ಎಮ್ಮೆಯನ್ನು ಎಂಟನೆಯವನು ಅಂದರೆ ಬಸವರಾಜ ನಗ್ತಾನೆ.

ಈಗ ಒಂದು ತರಲೆ ಪ್ರಶ್ನೆ. ತಿಪ್ಪೇಶನ ಕಾರ್ಡಿನಲ್ಲಿರೋದು ಏಳು ಸುತ್ತಿನ ಕೋಟೆ. ಹಾಗಾದರೆ ತಿಪ್ಪೇಶ ಏಳನೆಯವನಾ? ಅಲ್ಲ! ಏಳು ಅನ್ನೋದು ಸುತ್ತುಗಳು ಎಷ್ಟು ಅಂತ ಹೇಳುತ್ತದೆ. ಏಳನೇ ಅನ್ನೋದು ಯಾವ ಜಾಗ ಅಂತ ಹೇಳುತ್ತದೆ. ತಿಪ್ಪೇಶ ನಿಂತಿರೋದು ಐದನೇ ಜಾಗದಲ್ಲಿ. "ಐದು ಮಕ್ಕಳು ಕೈ ಎತ್ತಿ" ಅಂದರೆ ಐದು ಕೈ ಮೇಲೇಳಬೇಕು. "ಐದನೆಯವನು ಕೈ ಎತ್ತು" ಅಂದರೆ ಒಂದೇ ಕೈ. (ಇಲ್ಲಿ ಅವಸರ ಬೇಡ. ಮೂರ್ನಾಲ್ಕು ಸಲ ಎರಡನ್ನೂ ಅದಲುಬದಲು ಮಾಡಿ ಕೇಳಬೇಕು. ಮಕ್ಕಳು ತಪ್ಪೋದು ಇಲ್ಲೇ.)

ನಾಗವೇಣಿ, ನೀರು ಕುಡಿದು ಬಾ. ಆರನೇ ಜಾಗ ಖಾಲಿ. ಹಿಂದಿನವರೆಲ್ಲಾ ಒಂದು ಹೆಜ್ಜೆ ಮುಂದೆ ಬನ್ನಿ. ಸಲ್ಮಾ, ಈಗ ನೀನು ಎಷ್ಟನೆಯವಳು? ಆರನೆಯವಳು. ತೆನೆ ಅದೇ, ಸಲ್ಮಾ ಅದೇ, ಜಾಗ ಮಾತ್ರ ಬೇರೆ. ನಾಗವೇಣಿ ಬಂದಳು. ಮಧ್ಯೆ ನುಗ್ಗೋ ಹಾಗಿಲ್ಲಮ್ಮ, ಒನಕೆ ತೋರಿಸಿದರೂ ಇಲ್ಲ. ಪವಿತ್ರಾ ಹಿಂದೆ ನಿಲ್ಲು. ಪವಿತ್ರಾ ಈಗ ಒಂಬತ್ತನೆಯವಳು, ನಾಗವೇಣಿ ಹತ್ತನೆಯವಳು.

ಅಯ್ಯೋ, ಅಡುಗೆ ಅಕ್ಕ ಈ ಸಲ ಹಿಂದಿನ ಬಾಗಿಲು ತೆಗೆದರು! ಎಲ್ಲರೂ ನಿಂತಲ್ಲೇ ಹಿಂದಕ್ಕೆ ತಿರುಗಿ. ಯಾರೂ ಜಾಗ ಬಿಡಬೇಡಿ. ಈಗ ಮೊದಲನೆಯವಳು ಯಾರು? ನಾಗವೇಣಿ! ಕೊಟ್ರೇಶ ಹತ್ತನೆಯವನು, ದೋಸೆ ಆರಿಹೋಯಿತು. ತಿಪ್ಪೇಶ? ಎಣಿಸಿ. ಆರನೆಯವನು. ಅವನು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಆದರೂ ಐದನೆಯವನು ಆರನೆಯವನಾದ. ಯಾವ ಕಡೆಯಿಂದ ಎಣಿಸುತ್ತೀವಿ ಅಂತ ಮೊದಲೇ ಹೇಳಬೇಕು ಅನ್ನೋದು ಅದಕ್ಕೇ.

ಕಾರ್ಡು ನನಗೆ ಕೊಡಿ. ಆಟದ ಶುರುವಿನಲ್ಲಿ ನಿಂತಿದ್ದ ಹಾಗೆ, ಅಡುಗೆಮನೆ ಬಾಗಿಲ ಕಡೆಯಿಂದ ಎಣಿಸಿದರೆ ಮೂರನೆಯವರು ಯಾರು? ಎಂಟನೇ ಕಾರ್ಡು ಯಾವುದು? ರೈಲಿನ ಹಿಂದೆ ಯಾವುದಿತ್ತು?

ಗಂಟೆ ಹೊಡೆಯಿತು. ತಟ್ಟೆ ತಗೊಳ್ಳಿ. ಈಗಿನ ಪಾಳಿಯಲ್ಲಿ ಕೈ ತೊಳೆದು ಬಂದವರೇ ಮೊದಲನೆಯವರು. ಕೊಟ್ರೇಶ, ಓಡಬೇಡ!