ಮೂರು ದಿನ ಹೊರಗೆ

ಏಪ್ರಿಲ್ ಮೊದಲ ವಾರ ರಿಪ್ಪನ್‌ಪೇಟೆ ಕಡೆಯಿಂದ ಮುಂಬೈಗೆ ಹೊರಟವರ ಕಾರಿನಲ್ಲಿ ಒಂದು ಡಬ್ಬ ಡೊಂಬಿವಲಿಗೆ ಬಂತು. ಒಳಗೆ 2 ಕಿಲೋ ಅಪ್ಪೆಮಿಡಿ. ಹದಿನೈದು ದಿನ ಹರಳುಪ್ಪಿನಲ್ಲಿ ಬಿದ್ದು ನೀರು ಬಿಟ್ಟು, ಸುಕ್ಕಾಗಿ, ಹಸಿರು ಬಣ್ಣ ಮಾಸಿದ್ದವು. ಎಲ್ಲಕ್ಕೂ ತೊಟ್ಟು ಇತ್ತು. ತೊಟ್ಟು ಬುಡದಲ್ಲೇ ಮುರಿದರೆ ಸೊನೆ ಸೋರಿಹೋಗುತ್ತದೆ, ಅದರ ಜೊತೆಗೆ ಪರಿಮಳವೂ. ಹಾಗಾಗಿ ಜಾನಕಮ್ಮ ತೊಟ್ಟು ಮುರಿದದ್ದನ್ನು, ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಆರಿಸಿ ಚಟ್ನಿಗೆ ಇಟ್ಟುಕೊಂಡು, ಗಟ್ಟಿ ಇದ್ದವನ್ನು ಮಾತ್ರ ಮಗಳಿಗೆ ಕಳಿಸಿದ್ದರು.

ಪ್ರತಿ ವರ್ಷ ತಯಾರಾದ ಉಪ್ಪಿನಕಾಯಿಯೇ ಹೋಗುತ್ತಿತ್ತು. ಈ ಸಲ ವಿನುತಾ ತಾನೇ ಖಾರದ ಹಿಂಡಿ ಹಾಕುತ್ತೇನೆ ಎಂದಿದ್ದಳು. "ಅಳತೆ ಬರೆದು ಕಳಿಸಮ್ಮ, ಒಲೆ ಮುಂದೆ ನಿಂತು ವಾಯ್ಸ್ ಮೆಸೇಜ್ ಹಿಂದೆ ಮುಂದೆ ಮಾಡ್ತಾ ಕೂರಕ್ಕಾಗಲ್ಲ."

ಬರೆಯುವುದೇ ತೊಡಕು. ಜಾನಕಮ್ಮನಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ಡೊಂಬಿವಲಿಯಲ್ಲಿ ಹುಟ್ಟಿ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ವಿನುತಾಗೆ ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಊರು ಸೇರಿದರು. ಆಮೇಲೆ ಅವರ ಕಿವಿಯೂ ಮಂದವಾಗಿ, ಫೋನಿನಲ್ಲಿ ಹತ್ತು ಮಾತಿಗೆ ಎರಡು ಕೇಳಿಸಿದರೆ ಹೆಚ್ಚು. ಹಾಗಾಗಿ ಅಮ್ಮ ಕೀಬೋರ್ಡಿನ ಮೈಕು ಒತ್ತಿ ಹೇಳುತ್ತಾರೆ, ಅದು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಮಗಳು ಅದನ್ನು ಕಾಪಿ ಮಾಡಿ ಅನುವಾದದ ಆ್ಯಪ್‌ಗೆ ಹಾಕಿ ಇಂಗ್ಲಿಷಿನಲ್ಲಿ ಓದುತ್ತಾಳೆ, ಇಂಗ್ಲಿಷಿನಲ್ಲೇ ಉತ್ತರ ಬರೆಯುತ್ತಾಳೆ. ಅಮ್ಮ ಅದನ್ನು ತಮ್ಮ ಫೋನಿನಲ್ಲಿ ಕನ್ನಡ ಮಾಡಿಕೊಳ್ಳುತ್ತಾರೆ. ಮಳೆ ಬಂತಾ, ಮಾತ್ರೆ ತಗೊಂಡ್ಯಾ ಎನ್ನುವಷ್ಟಕ್ಕೆ ಇದು ಸಾಕಾಗಿತ್ತು.

ಶನಿವಾರ ಬೆಳಿಗ್ಗೆ ಅಮ್ಮನ ಮೆಸೇಜು ಬಂತು. ಮೈಕಿಗೆ ಚುಕ್ಕೆ, ಅಲ್ಪವಿರಾಮ ತಿಳಿಯುವುದಿಲ್ಲವಾದ್ದರಿಂದ ಒಂದೇ ಉಸಿರಿಗೆ ಹೀಗಿತ್ತು:

"ಪುಟ್ಟಿ ಮಿಡಿ ಎರಡು ಕಿಲೋ ಇದೆ ಅರ್ಧ ಕಿಲೋ ಉಪ್ಪು ನಾನೇ ಹಾಕಿದೀನಿ ಮತ್ತೆ ಹಾಕಬೇಡ ಮಿಡಿ ತೆಗೆದು ಬಟ್ಟೆ ಮೇಲೆ ಹರವು ಉಪ್ಪುನೀರು ಸೋಸಿ ಕುದಿಸಿ ಪೂರ್ತಿ ಆರಿಸು ಬ್ಯಾಡಗಿ ಮೆಣಸು ಮುನ್ನೂರು ಗ್ರಾಂ ಬೆಚ್ಚಗೆ ಮಾಡು ಸಾಸಿವೆ ಇನ್ನೂರು ಗ್ರಾಂ ಹುರಿಯಬೇಡ ಬಿಸಿಲಿಗೆ ಇಟ್ಟರೆ ಸಾಕು ಅರಿಶಿನ ಎರಡು ಚಮಚ ಎಲ್ಲಾ ನುಣ್ಣಗೆ ಪುಡಿ ಮಾಡಿ ಆರಿದ ಉಪ್ಪುನೀರಲ್ಲಿ ಹಿಂಡಿ ಕಲಸು ಕೈ ಒದ್ದೆ ಇರಬಾರದು ಮಿಡಿಗೆ ಹಿಂಡಿ ಹಾಕಿ ಕಲಸಿದ ಮೇಲೆ ಮೂರು ದಿನ ಮುಟ್ಟು ಬೇಡ ಹೊರಗೆ ಇರಲಿ ಒಳಗೆ ಬೇಡ ಹಾಳಾಗುತ್ತೆ"

ಅಮ್ಮ ಹೇಳಿದ್ದು "ಮುಟ್ಟಬೇಡ" ಎಂದೇ. ಫೋನು ಅದನ್ನು ಎರಡು ಮಾಡಿ ಬರೆದುಕೊಂಡಿತು. ಒಳಗೆ ಎಂದರೆ ಫ್ರಿಜ್ಜಿನ ಒಳಗೆ. ಹಿಂಡಿ ಹಾಕಿದ ಮೊದಲ ದಿನಗಳಲ್ಲಿ ತಂಪಿನಲ್ಲಿಟ್ಟರೆ ಖಾರ ಮಿಡಿಗೆ ಹಿಡಿಯುವುದಿಲ್ಲ. ಮೂರು ದಿನ ಅಡುಗೆಮನೆಯ ಶಾಖದಲ್ಲಿ ಅಲ್ಲಾಡದೆ ಕೂತರೆ ಮಿಡಿ ಇನ್ನಷ್ಟು ನೀರು ಬಿಟ್ಟು ತಾನೇ ಮುಳುಗುತ್ತದೆ.

ವಿನುತಾಳ ಫೋನಿನಲ್ಲಿ ಮಿಡಿ 'ಪಲ್ಸ್' ಆಗಿತ್ತು, ಹಿಂಡಿ 'ಸ್ಕ್ವೀಜ್' ಆಗಿತ್ತು. ಅವಳು ನಗುತ್ತಲೇ ಸರಿಪಡಿಸಿಕೊಂಡು ಓದಿದಳು. ಗ್ರಾಂ ಲೆಕ್ಕವನ್ನು ಚೀಟಿಗೆ ಇಳಿಸಿದಳು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು.

"ಆಫ್ಟರ್ ಮಿಕ್ಸಿಂಗ್ ತ್ರೀ ಡೇಸ್ ಮೆನ್‌ಸ್ಟ್ರುಯೇಷನ್ ನೋ. ಸ್ಟೇ ಔಟ್‌ಸೈಡ್, ನಾಟ್ ಇನ್‌ಸೈಡ್. ಇಟ್ ವಿಲ್ ಸ್ಪಾಯಿಲ್."

ಇದನ್ನು ಸರಿಪಡಿಸಿಕೊಂಡು ಓದಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಅವಳ ಮಟ್ಟಿಗೆ ಇಡೀ ಮೆಸೇಜಿನಲ್ಲಿ ತಪ್ಪಿಲ್ಲದೆ ಬಂದಿದ್ದು ಇದೊಂದೇ ಸಾಲು.

ವಿನುತಾ ಚಿಕ್ಕವಳಿದ್ದಾಗ ಅವರು ಇದ್ದದ್ದು ಚಾಳಿನ ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ಹೊರಗೆ ಕೂರುವುದು ಎಂದರೆ ಮಹಡಿಯ ಎಲ್ಲರೂ ಓಡಾಡುವ ಓಣಿಯಲ್ಲಿ ಚಾಪೆ ಹಾಸಿಕೊಂಡು ಕೂರುವುದು. ಎಂಟನೇ ಕ್ಲಾಸಿನ ಹುಡುಗಿ ಬೇಸಿಗೆ ರಜೆಯ ಮೂರು ದಿನ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಮನೆಯ ಹುಡುಗರಿಗೆ ಕೇಳದೆಯೇ ವಿಷಯ ತಿಳಿದಿತ್ತು. ನೀರು ಕುಡಿಯಲು ಒಳಗೆ ಕಾಲಿಟ್ಟಾಗ ಅಮ್ಮ ಅಟ್ಟದ ಭರಣಿ ತೋರಿಸಿ, "ಉಪ್ಪಿನಕಾಯಿ ಇದೆ, ಹಾಳಾಗತ್ತೆ" ಎಂದಿದ್ದರು. ಆಮೇಲೆ ಆ ಪದ್ಧತಿ ಯಾವಾಗ ನಿಂತಿತೋ, ಯಾರೂ ಅದರ ಮಾತೆತ್ತಲಿಲ್ಲ.

ಈಗ ಅವಳ ಮಗಳು ಇರಾಗೆ ಹನ್ನೆರಡು. ಹೋದ ತಿಂಗಳಷ್ಟೇ ದೊಡ್ಡವಳಾಗಿದ್ದಳು. ಸುದ್ದಿಯನ್ನು ಅಜ್ಜಿಗೆ ತಿಳಿಸಿದ್ದೇ ವಿನುತಾ.

ಅವಳು ಇಂಗ್ಲಿಷಿನಲ್ಲಿ ಮೂರು ಸಾಲು ಕುಕ್ಕಿ ಕಳಿಸಿದಳು: ಆಯಿತು, ನಾನು ಅದನ್ನು ಮುಟ್ಟುವುದಿಲ್ಲ, ಇದೆಲ್ಲ ನನಗೆ ಸಾಕಾಗಿದೆ, ನಿನ್ನ ಉಪ್ಪಿನಕಾಯಿ ನೀನೇ ಇಟ್ಟುಕೋ. ಡಬ್ಬವನ್ನು ಸಿಂಕಿನ ಕೆಳಗೆ ತಳ್ಳಿದಳು.

ಜಾನಕಮ್ಮನ ಫೋನು ಇದನ್ನು ಹೀಗೆ ತೋರಿಸಿತು: "ಸರಿ. ನಾನು ಅದನ್ನು ಮುಟ್ಟುವುದಿಲ್ಲ. ನಾನು ಇದನ್ನು ಮುಗಿಸಿದ್ದೇನೆ. ನಿಮ್ಮ ಉಪ್ಪಿನಕಾಯಿಯನ್ನು ಇರಿಸಿ."

ಅವರಿಗೆ ಖುಷಿಯಾಯಿತು. ಮುಗಿಸಿದ್ದಾಳೆ, ಮುಟ್ಟುವುದಿಲ್ಲ ಎಂದೂ ಒಪ್ಪಿದ್ದಾಳೆ. ತಾವು ಒಳಗೆ ಬೇಡ ಎಂದಿದ್ದಕ್ಕೆ ಎಲ್ಲಿ ಇರಿಸಲಿ ಎಂದು ಕೇಳುತ್ತಿರಬೇಕು. ಮೈಕು ಒತ್ತಿದರು: "ಜಾಣೆ ಹೇಳಿದ ಮಾತು ಕೇಳಿದ್ಯಲ್ಲ ನಿಮ್ಮಜ್ಜಿನೂ ಹೀಗೇ ಮಾಡ್ತಿದ್ರು ಇರಾಗೂ ಈಗಿಂದಲೇ ಕಲಿಸು."

ಈ ಸಾಲುಗಳು ಮಾತ್ರ ಇಂಗ್ಲಿಷಿಗೆ ಚೆನ್ನಾಗಿಯೇ ಹೋದವು. ವಿನುತಾ ಹನ್ನೆರಡು ದಿನ ಉತ್ತರ ಕೊಡಲಿಲ್ಲ.

ಮಗಳಿಗೆ ಕೆಲಸ ಇರಬೇಕು ಎಂದುಕೊಂಡು ಅಮ್ಮ ಕಾದರು. ಹಿಂಡಿ ಹಾಕಿ ಇಷ್ಟು ದಿನವಾದರೆ ರಸ ಮೇಲೆ ಬಂದಿರಬೇಕು, ಮೇಲಿನ ಮಿಡಿ ಒಣಗಿದ್ದರೆ ಒಮ್ಮೆ ತಿರುವಿ ಹಾಕಬೇಕು. "ಫೋಟೋ ಕಳಿಸು" ಎಂದು ಇರಾಳ ನಂಬರಿಗೆ ಹೇಳಿದರು. ಇರಾ ಸಿಂಕಿನ ಕೆಳಗಿಂದ ಡಬ್ಬ ಎಳೆದು, ಮುಚ್ಚಳ ತೆಗೆದು, ಫೋಟೋ ಹೊಡೆದು ಕಳಿಸಿದಳು.

ಕೆಂಪು ಹಿಂಡಿ ಇರಬೇಕಾದಲ್ಲಿ ಕಲಕು ಉಪ್ಪುನೀರು. ಅದರ ಮೇಲೆ ಬಿಳಿ ಪೊರೆ. ದಾರಿಯಲ್ಲಿ ಸ್ವಲ್ಪ ನೀರು ಚೆಲ್ಲಿ ಮಟ್ಟ ಇಳಿದಿತ್ತು, ಅದುಮಿಡಲು ಮೇಲೆ ತಟ್ಟೆಯೂ ಇರಲಿಲ್ಲ. ತೇಲಿದ ಮಿಡಿಗಳಿಗೆ ಗಾಳಿ ತಾಗಿದಲ್ಲಿ ಪೊರೆ ಕಟ್ಟಿತ್ತು.

"ಹಿಂಡಿ ಎಲ್ಲಿ ನಿಮ್ಮಮ್ಮ ಮುಗಿಸಿದೀನಿ ಅಂದಳಲ್ಲ."

ಇರಾ ಅದನ್ನು ಅಮ್ಮನಿಗೆ ತೋರಿಸಿದಳು. ಮುಗಿಸಿದೆ ಎಂದು ತಾನು ಎಲ್ಲಿ ಹೇಳಿದೆ ಎಂದು ವಿನುತಾ ಹಿಂದಿನ ಮೆಸೇಜುಗಳನ್ನು ಸರಿಸುತ್ತಾ ಹೋದಳು. ಅನುವಾದದ ಆ್ಯಪ್‌ಗೆ ಹಾಕಿದ್ದ ಕನ್ನಡ ಸಾಲುಗಳ ಕೆಳಗೆ ಪುಟ್ಟ ಸ್ಪೀಕರಿನ ಗುರುತು ಇತ್ತು. ಇಷ್ಟು ದಿನ ಅವಳು ಅದನ್ನು ಒತ್ತಿರಲಿಲ್ಲ. ಒತ್ತಿದ್ದು ಇರಾ.

ಯಾವುದೋ ಯಂತ್ರದ ಹೆಣ್ಣುದನಿ ಅಮ್ಮನ ಮೆಸೇಜನ್ನು ಓದತೊಡಗಿತು. ಮಿಡಿ, ಹರವು, ಸೋಸಿ, ಆರಿಸು. "ಹಿಂಡಿ ಹಾಕಿ ಕಲಸಿದ ಮೇಲೆ ಮೂರು ದಿನ ಮುಟ್ಟು ಬೇಡ ಹೊರಗೆ ಇರಲಿ."

ಕಣ್ಣಿಗೆ ತಿಳಿಯದ್ದು ಕಿವಿಗೆ ತಕ್ಷಣ ತಿಳಿಯಿತು. ವಿನುತಾ ಮತ್ತೊಮ್ಮೆ ಒತ್ತಿಸಿದಳು.

"ಎಂತ ಅಂತಿದಾಳೆ ಅಜ್ಜಿ?" ಎಂದಳು ಇರಾ.

"ಉಪ್ಪಿನಕಾಯಿ ಮುಟ್ಟಬೇಡ ಅಂತ. ಅಲ್ಲಾಡಿಸಬೇಡ ಅಂತ."

"ಅದಕ್ಕೆ ಸಿಟ್ಟು ಮಾಡ್ಕೊಂಡ್ಯಾ?"

ಸೆಟ್ಟಿಂಗ್ಸಿಗೆ ಹೋಗಿ ಕೀಬೋರ್ಡಿನ ಭಾಷೆಗಳಲ್ಲಿ ಕನ್ನಡ ಸೇರಿಸಿಕೊಟ್ಟದ್ದು ಇರಾಳೇ. ಆಮೇಲೆ ಮೈಕು ಒತ್ತಿ ಕನ್ನಡದಲ್ಲಿ ಹೇಳಿದರೆ ಅಮ್ಮನಿಗೆ ಓದಲು ಬರುವ ಅಕ್ಷರವೇ ಬೀಳುತ್ತದೆ, ನಡುವೆ ಇಂಗ್ಲಿಷ್ ಬೇಕಿಲ್ಲ. ವಿನುತಾ ನಿಧಾನವಾಗಿ, ಪದ ಬಿಡಿಸಿ ಹೇಳಿದಳು. ಮೆಸೇಜು ಏನೆಂದು ಬಂತು, ತಾನು ಏನೆಂದುಕೊಂಡೆ, ಏನು ಬರೆದೆ. ಕೊನೆಗೆ, "ಚಾಳಿನ ಓಣಿ ನೆನಪಾಯ್ತು."

ನೀಲಿ ಗೆರೆ ಬಿತ್ತು. ಬಹಳ ಹೊತ್ತು 'ಟೈಪಿಂಗ್' ಎಂದು ತೋರಿಸಿ ನಿಂತಿತು, ಮತ್ತೆ ತೋರಿಸಿತು. ಅಮ್ಮ ಮೈಕು ಬಿಟ್ಟು ಬೆರಳಿನಲ್ಲಿ ಬರೆಯುತ್ತಿದ್ದರು.

"ಆಗ ಹೇಳಿದ್ದು ನಾನೇ. ಈಗ ಹೇಳಿಲ್ಲ."

ಮುಂದಿನ ನಿಮಿಷಕ್ಕೇ ಮೈಕಿಗೆ ಮರಳಿದರು.

"ಬಿಳಿ ಪೊರೆ ಚಮಚದಲ್ಲಿ ತೆಗೆದು ಚೆಲ್ಲು ಕಪ್ಪು ಹಸಿರು ಬೂಷ್ಟು ಇದ್ದರೆ ಪೂರ್ತಿ ಎಸಿ ಇಲ್ಲದಿದ್ದರೆ ಒಂದೊಂದೇ ಮಿಡಿ ಒತ್ತಿ ನೋಡು ಮೆತ್ತಗಾಗಿದ್ದು ಬೇಡ ಗಟ್ಟಿ ಇದ್ದದ್ದು ಇಟ್ಟುಕೋ."

ಕಪ್ಪು ಬೂಷ್ಟು ಇರಲಿಲ್ಲ. ಎಂಟು ಮಿಡಿ ಮೆತ್ತಗಾಗಿದ್ದವು. ಹಳೆಯ ಉಪ್ಪುನೀರನ್ನು ನಂಬುವ ಹಾಗಿರಲಿಲ್ಲ, ಚೆಲ್ಲಿದರು. ಅದರಲ್ಲಿದ್ದ ಸೊನೆಯ ಘಮವೂ ಹೋಯಿತು, ಅದಕ್ಕೆ ಪರಿಹಾರವಿಲ್ಲ. ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ, ಅರ್ಧದಲ್ಲಿ ಮಿಡಿ ತೊಳೆದು, ಉಳಿದರ್ಧವನ್ನು ಹಿಂಡಿಗೆ ಇಟ್ಟರು. ಮಿಡಿ ಬಟ್ಟೆಯ ಮೇಲೆ ನಾಲ್ಕು ಗಂಟೆ ಆರಿದವು. ಗಾಜಿನ ಭರಣಿ ಬಾಲ್ಕನಿಯ ಬಿಸಿಲಿನಲ್ಲಿ ಮಗುಚಿತ್ತು.

ಸಾಸಿವೆ ಪುಡಿ ಮಾಡುವಾಗ ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು ಎಂದು ಇನ್ನೊಂದು ಮೆಸೇಜು ಬಂತು. ಬಿಸಿಯಾದರೆ ಅದು ಎಣ್ಣೆ ಬಿಟ್ಟುಕೊಂಡು ಜಾರಿನ ತಳಕ್ಕೆ ಅಂಟುತ್ತದೆ. ವಿನುತಾ ಅದನ್ನು ಓದಿಸಿ ಕೇಳಿದಳು.

ಸಂಜೆ ಅಗಲವಾದ ಸ್ಟೀಲ್ ಪಾತ್ರೆಗೆ ಮಿಡಿ ಬಿತ್ತು, ಮೇಲೆ ಹಿಂಡಿ ಬಿತ್ತು. ವಿನುತಾ ವಿಡಿಯೋ ಹಾಕಿ ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿ ನಿಲ್ಲಿಸಿದಳು. ಅಮ್ಮನಿಗೆ ಕೇಳಿಸುವುದಿಲ್ಲ, ಕಾಣಿಸುತ್ತದೆ. ಪಾತ್ರೆಯ ಮುಂದೆ ತೋಳು ಮಡಚಿ ನಿಂತವಳು ಇರಾ.

ವಿನುತಾ ಮೈಕು ಒತ್ತಿದಳು. "ಕಲಸೋದು ಇರಾ ಅಮ್ಮ. ಅವಳಿಗೆ ಇವತ್ತು ಎರಡನೇ ದಿನ."

ಪರದೆಯಲ್ಲಿ ಜಾನಕಮ್ಮ ಕನ್ನಡಕ ಏರಿಸಿ ಓದಿದರು. ಮೊಮ್ಮಗಳ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಕಿವಿ ಮಂದವಿದ್ದವರಿಗೆ ತಮ್ಮ ದನಿಯ ಅಂದಾಜು ಇರುವುದಿಲ್ಲ. ಪಕ್ಕದ ಫ್ಲಾಟಿಗೂ ಕೇಳುವಂತೆ ಕೂಗಿದರು:

"ಕೈ ಒರೆಸ್ಕೊಂಡಿದಾಳೇನೇ? ಬೆರಳ ಸಂದಿ ನೋಡು, ಇನ್ನೂ ಒದ್ದೆ ಇದೆ!"